ಕಾಣುವ ಕಣ್ಣು, ಕಾಣದ ಕಣ್ಣು

ಕನ್ನಡದಲ್ಲಿ ಕಾವಲು ಎಂಬ ಮಾತುಂಟು. ಬೇಹು ಎಂಬ ಮಾತೂ ಉಂಟು. ಎರಡೂ ನೋಡುವ ಕೆಲಸವೇ. ಆದರೆ ಕಾವಲಿನವನು ತಾನಿರುವುದನ್ನು ತಿಳಿಸಿ ನೋಡುತ್ತಾನೆ. ರಾತ್ರಿಯ ಗಸ್ತಿನವನು ಕೋಲು ಕುಟ್ಟುತ್ತ, ಸೀಟಿ ಊದುತ್ತ ಹೋಗುವುದು ಕಳ್ಳನಿಗೂ ಕೇಳಿಸಲಿ, ಮನೆಯವರಿಗೂ ಕೇಳಿಸಲಿ ಎಂದೇ. ಬೇಹಿನವನಾದರೋ ತಾನು ಇಲ್ಲವೇ ಇಲ್ಲವೆಂಬಂತೆ ತೋರಿಸಿಕೊಂಡು ನೋಡುತ್ತಾನೆ. ಒಂದರಲ್ಲಿ ನೋಡುವವನೂ ನೋಡಿಸಿಕೊಳ್ಳುವವನೂ ಪರಸ್ಪರ ಬಲ್ಲರು. ಇನ್ನೊಂದರಲ್ಲಿ ಒಬ್ಬನಿಗೆ ಮಾತ್ರ ಕಣ್ಣು.

ಅಂಗಡಿ, ಕಾರ್ಖಾನೆ, ಕಚೇರಿ, ಕಾಲೇಜುಗಳ ಗೋಡೆಗಳ ಮೇಲೆ ಈಗ ಕಾಣುವ ಕ್ಯಾಮರಾ ಈ ಎರಡರಲ್ಲಿ ಯಾವುದು? ಯಂತ್ರವನ್ನು ನೋಡಿ ಹೇಳಲಾಗದು. ಒಂದೇ ಯಂತ್ರ ಕಾವಲೂ ಆಗಬಹುದು, ಬೇಹೂ ಆಗಬಹುದು. ಅದನ್ನು ನಿರ್ಧರಿಸುವುದು ಎರಡು ಸಂಗತಿಗಳು. ಒಂದು, ನೋಡುತ್ತೇವೆಂದು ಮೊದಲೇ ತಿಳಿಸಿದರೇ ಎಂಬುದು. ಇದನ್ನು ಮುನ್ಸೂಚನೆ ಎನ್ನೋಣ. ಮತ್ತೊಂದು, ನೋಡುವುದಕ್ಕೆ ಇದ್ದ ಕಾರಣಕ್ಕೂ ನೋಡಿದ ಅಳತೆಗೂ ಹೊಂದಿಕೆಯಿತ್ತೇ ಎಂಬುದು. ಇದನ್ನು ಕಾನೂನಿನವರು ಪ್ರಮಾಣಬದ್ಧತೆ ಎನ್ನುತ್ತಾರೆ. ನಮ್ಮ ಹಳೆಯ ಕಾವ್ಯಮೀಮಾಂಸಕರ ‘ಔಚಿತ್ಯ’ಕ್ಕೆ ಇದು ಬಹಳ ಸಮೀಪದ ಮಾತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೆ ಅಸ್ತ್ರದ ದೋಷವಲ್ಲ. ಅಳತೆ ತಪ್ಪಿದ್ದು ದೋಷ.

ಮೊದಲೇ ತಿಳಿಸಿಬಿಟ್ಟರೆ ಮಾಲೀಕನ ಕರ್ತವ್ಯ ಮುಗಿಯಿತು, ತಿಳಿಸದಿದ್ದರೆ ಅವನು ಮಾಡಿದ್ದೆಲ್ಲ ತಪ್ಪು ಎಂದು ಹಲವರು ಭಾವಿಸುತ್ತಾರೆ. ಈ ಎರಡು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಅದೇಕೆಂಬುದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಬಂದ ಕೆಲವು ಖಟ್ಲೆಗಳ ಮೂಲಕ ನೋಡೋಣ. ಆ ನ್ಯಾಯಾಲಯ ಇರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ. ಪ್ರತಿಯೊಬ್ಬನ ಖಾಸಗಿ ಬಾಳಿಗೂ ಗೌರವ ಸಲ್ಲಬೇಕೆಂದು ಹೇಳುವ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೆಯ ವಿಧಿ ಅದರ ಕೈಯಲ್ಲಿರುವ ಅಳತೆಗೋಲು.

ಮೊದಲನೆಯದು ಸ್ಪೇನ್ ದೇಶದ್ದು. ಬಾರ್ಸಿಲೋನ ಪ್ರಾಂತ್ಯದ ಒಂದು ದೊಡ್ಡ ದಿನಸಿ ಮಳಿಗೆ. 2009ರ ಮಾರ್ಚ್ ತಿಂಗಳಿನಿಂದ ಅದರ ವ್ಯವಸ್ಥಾಪಕನಿಗೆ ದಾಸ್ತಾನಿನ ಲೆಕ್ಕಕ್ಕೂ ಮಾರಾಟದ ಲೆಕ್ಕಕ್ಕೂ ತಾಳೆಯಾಗದಿರುವುದು ಕಾಣಿಸಿತು. ಫೆಬ್ರವರಿಯಲ್ಲಿ 7,780 ಯೂರೋಗಳಷ್ಟಿದ್ದ ನಷ್ಟ ಮೇ ತಿಂಗಳಿಗೆ 18,009ಕ್ಕೂ ಜೂನ್ ತಿಂಗಳಿಗೆ 24,614ಕ್ಕೂ ಏರಿತು. ಐದು ತಿಂಗಳ ಒಟ್ಟು ನಷ್ಟ 80,000 ಯೂರೋಗಳನ್ನು ಮೀರಿತು. ಇಷ್ಟು ದೊಡ್ಡ ಮೊತ್ತ ಒಬ್ಬ ಗಿರಾಕಿ ಚೀಲದಲ್ಲಿ ಅಡಗಿಸಿಕೊಂಡು ಹೋಗುವಂಥದಲ್ಲ. ಒಳಗಿನವರೇ ಹಲವರು ಕೈಗೂಡಿಸಿರಬೇಕೆಂಬ ಸಂಶಯ ಹುಟ್ಟಿತು.

ಜೂನ್ 15ರಂದು ಮಳಿಗೆಯಲ್ಲಿ ಕ್ಯಾಮರಾಗಳನ್ನು ಕೂಡಿಸಲಾಯಿತು. ಅವು ಎರಡು ಬಗೆಯವು. ಒಳಬರುವ ಹೊರಹೋಗುವ ಬಾಗಿಲುಗಳ ಕಡೆಗೆ ಮುಖ ಮಾಡಿದವು ಎಲ್ಲರಿಗೂ ಕಾಣುವಂತಿದ್ದವು. ಹಣ ಕಟ್ಟುವ ಕಟ್ಟೆಗಳ ಕಡೆಗೆ ಎತ್ತರದಿಂದ ಮುಖ ಮಾಡಿದವು ಮರೆಯಲ್ಲಿದ್ದವು. ನೌಕರರ ಸಭೆ ಕರೆದು ಕಾಣುವ ಕ್ಯಾಮರಾಗಳ ವಿಷಯವನ್ನು ಹೇಳಿದರು. ಮರೆಯ ಕ್ಯಾಮರಾಗಳ ವಿಷಯವನ್ನು ನೌಕರರಿಗೂ ಹೇಳಲಿಲ್ಲ, ಅವರ ಸಮಿತಿಗೂ ಹೇಳಲಿಲ್ಲ. ಮಳಿಗೆಯಲ್ಲಿ ಒಂದು ಫಲಕವನ್ನೇನೋ ಹಾಕಿದರು; ಇಲ್ಲಿ ಕ್ಯಾಮರಾ ಇದೆ ಎಂಬುದಷ್ಟೇ ಅದರಿಂದ ತಿಳಿಯುತ್ತಿತ್ತು. ಕಾಣುವ ಕಣ್ಣು ಕಾವಲಾಯಿತು. ಕಾಣದ ಕಣ್ಣು ಬೇಹಾಯಿತು.

ಹತ್ತು ದಿನ ಕಳೆಯಿತು. ಗಲ್ಲೆಯಲ್ಲಿ ಕುಳಿತವರು ಸಾಮಾನುಗಳನ್ನು ಲೆಕ್ಕಕ್ಕೆ ಹಿಡಿದು ಆಮೇಲೆ ಆ ಖರೀದಿಯನ್ನು ರದ್ದು ಮಾಡುವುದು, ಗಿರಾಕಿಗಳನ್ನೋ ಜೊತೆಯ ನೌಕರರನ್ನೋ ದುಡ್ಡು ಕೊಡದ ಸಾಮಾನಿನೊಡನೆ ಹೊರಗೆ ಬಿಡುವುದು, ಇವೆಲ್ಲ ಚಿತ್ರದಲ್ಲಿ ದಾಖಲಾದವು. ಜೂನ್ 25ರಂದು ಸಂಘದ ಪ್ರತಿನಿಧಿಗೆ ವಿಷಯ ತಿಳಿಸಿ, ಸಂಶಯಿತರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಲಾಯಿತು. ಹದಿನಾಲ್ಕು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಐವರು, ತಮಗೆ ತಿಳಿಸದೆ ತೆಗೆದ ಚಿತ್ರದಿಂದ ತಮ್ಮನ್ನು ಹೊರಹಾಕಿದ್ದು ಅನ್ಯಾಯವೆಂದು ಮೊದಲು ಸ್ಪೇನಿನ ನ್ಯಾಯಾಲಯಗಳ ಮೆಟ್ಟಿಲನ್ನೂ, ಅಲ್ಲಿ ಸೋತ ಮೇಲೆ ಸ್ಟ್ರಾಸ್‌ಬರ್ಗಿನ ಮೆಟ್ಟಿಲನ್ನೂ ಹತ್ತಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಮನಸ್ಸಿನಲ್ಲಿಡಬೇಕು. ಸ್ಟ್ರಾಸ್‌ಬರ್ಗಿನಲ್ಲಿ ಪ್ರತಿವಾದಿಯಾಗಿ ನಿಂತದ್ದು ಮಳಿಗೆಯಲ್ಲ, ಸ್ಪೇನ್ ದೇಶ. ಖಾಸಗಿ ಮಾಲೀಕನು ಮಾಡಿದ ಕೆಲಸಕ್ಕೆ ದೇಶವೇಕೆ ಉತ್ತರ ಹೇಳಬೇಕು? ಪ್ರಜೆಗಳ ಖಾಸಗಿ ಬಾಳನ್ನು ತಾನು ಕೆಡಿಸದಿದ್ದರೆ ಸಾಲದು, ಮತ್ತೊಬ್ಬರು ಕೆಡಿಸದಂತೆ ನೋಡಿಕೊಳ್ಳುವುದೂ ರಾಜ್ಯದ ಹೊಣೆ ಎಂಬುದು ಆ ನ್ಯಾಯಾಲಯದ ನಿಲುವು. ಆದ್ದರಿಂದ ಅಲ್ಲಿ ಕೇಳಿದ ಪ್ರಶ್ನೆ, ಸ್ಪೇನಿನ ನ್ಯಾಯಾಲಯಗಳು ನೌಕರನ ಖಾಸಗಿತನವನ್ನೂ ಮಾಲೀಕನ ಆಸ್ತಿಯ ಹಕ್ಕನ್ನೂ ತಕ್ಕಡಿಯಲ್ಲಿಟ್ಟು ಸರಿಯಾಗಿ ತೂಗಿದವೇ ಎಂಬುದು.

2018ರ ಜನವರಿ 9ರಂದು ಅಲ್ಲಿನ ಪೀಠವೊಂದು ನೌಕರರ ಪರವಾಗಿ ತೀರ್ಪಿತ್ತಿತು. ಆಗ ಜಾರಿಯಲ್ಲಿದ್ದ ಸ್ಪೇನಿನ 1999ರ ಕಾನೂನು, ಒಬ್ಬನ ಮಾಹಿತಿಯನ್ನು ಸಂಗ್ರಹಿಸುವ ಮೊದಲು ಅವನಿಗೆ ಸ್ಪಷ್ಟವಾಗಿ, ನಿಖರವಾಗಿ, ಸಂದಿಗ್ಧವಿಲ್ಲದಂತೆ ತಿಳಿಸಬೇಕೆಂದು ವಿಧಿಸಿತ್ತು. ಮಾಲೀಕನು ಅದನ್ನು ಪಾಲಿಸಿರಲಿಲ್ಲ. ಅಲ್ಲದೆ ಒಬ್ಬಿಬ್ಬರ ಮೇಲಲ್ಲ, ಗಲ್ಲೆಯಲ್ಲಿ ಕೆಲಸ ಮಾಡುವ ಎಲ್ಲರ ಮೇಲೂ ಕಣ್ಣಿಟ್ಟಿದ್ದನು. ಆದರೆ ಸ್ಪೇನ್ ಸರ್ಕಾರದ ಕೋರಿಕೆಯಂತೆ ಪ್ರಕರಣ ಹದಿನೇಳು ನ್ಯಾಯಾಧೀಶರ ಮಹಾಪೀಠದ ಮುಂದೆ ಹೋಯಿತು. ಅದು 2019ರ ಅಕ್ಟೋಬರ್ 17ರಂದು, ಹದಿನಾಲ್ಕು ಜನರ ಬಹುಮತದಿಂದ, 8ನೆಯ ವಿಧಿಯ ಉಲ್ಲಂಘನೆಯಾಗಿಲ್ಲವೆಂದು ಹೇಳಿತು. ಮೂವರು ಭಿನ್ನಮತವನ್ನು ದಾಖಲಿಸಿದರು.

ಹಾಗಾದರೆ ಮುನ್ಸೂಚನೆ ಬೇಡವೆಂದಾಯಿತೆ? ಆಗಲಿಲ್ಲ. ಮಹಾಪೀಠ ಹೇಗೆ ತೂಗಿತೆಂಬುದನ್ನು ಒಂದೊಂದಾಗಿ ನೋಡಬೇಕು.

ಮೊದಲು ಸ್ಥಳ. ಶೌಚಗೃಹ, ಬಟ್ಟೆ ಬದಲಿಸುವ ಕೊಠಡಿ ಇಂಥ ಎಡೆಗಳಲ್ಲಿ ಮನುಷ್ಯನು ನಿರೀಕ್ಷಿಸುವ ಮರೆ ಅತ್ಯಂತ ಹೆಚ್ಚಿನದು. ಅಲ್ಲಿ ಕ್ಯಾಮರಾ ಇಡುವುದನ್ನು ಸಮರ್ಥಿಸುವುದು ಅಸಾಧ್ಯವೆನ್ನುವಷ್ಟು ಕಠಿನ. ಬಾಗಿಲು ಮುಚ್ಚಿದ ಕಚೇರಿಯ ಕೋಣೆಯಲ್ಲಿಯೂ ಆ ನಿರೀಕ್ಷೆ ಹೆಚ್ಚೇ. ಜೊತೆಯವರೂ ಜನರೂ ಓಡಾಡುವ ತೆರೆದ ಜಾಗದಲ್ಲಿ ಅದು ಕಡಮೆ. ಗಲ್ಲೆಯ ಕಟ್ಟೆಯೆಂದರೆ ದಿನವೆಲ್ಲ ಗಿರಾಕಿಗಳ ಎದುರಿನಲ್ಲಿರುವ ಜಾಗ. ಆದುದರಿಂದ ಇಲ್ಲಿ ಆದ ಅತಿಕ್ರಮ ಅಷ್ಟು ಆಳದ್ದಲ್ಲವೆಂದು ಪೀಠ ಕಂಡಿತು.

ಎರಡನೆಯದು ಕಾಲ. ಇಷ್ಟೇ ದಿನವೆಂದು ಮಾಲೀಕನು ಮೊದಲು ಗೊತ್ತುಮಾಡಿರಲಿಲ್ಲ. ಆದರೆ ಕ್ಯಾಮರಾ ನಡೆದದ್ದು ಹತ್ತು ದಿನ. ತಪ್ಪಿತಸ್ಥರು ಯಾರೆಂದು ತಿಳಿದೊಡನೆ ನಿಂತಿತು. ಇದೇ ಕ್ಯಾಮರಾ ಹತ್ತು ತಿಂಗಳು ನಡೆದಿದ್ದರೆ ತಕ್ಕಡಿ ಬೇರೆಯಾಗಿ ತೂಗುತ್ತಿತ್ತೆಂದು ನನ್ನ ಎಣಿಕೆ.

ಮೂರನೆಯದು ನೋಡಿದವರು ಮತ್ತು ಬಳಕೆ. ನೌಕರರಿಗೆ ತಿಳಿಸುವ ಮೊದಲು ಚಿತ್ರಗಳನ್ನು ನೋಡಿದವರು ವ್ಯವಸ್ಥಾಪಕ, ಸಂಸ್ಥೆಯ ಕಾನೂನು ಪ್ರತಿನಿಧಿ ಮತ್ತು ನೌಕರ ಸಂಘದ ಪ್ರತಿನಿಧಿ, ಈ ಮೂವರು ಮಾತ್ರ. ಚಿತ್ರಗಳು ಕಳ್ಳತನವನ್ನು ಪತ್ತೆಹಚ್ಚುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಳಕೆಯಾಗಲಿಲ್ಲ.

ನಾಲ್ಕನೆಯದು, ಬೇರೆ ದಾರಿಯಿತ್ತೇ ಎಂಬುದು. ಎಲ್ಲರಿಗೂ ಹೇಳಿ ಕ್ಯಾಮರಾ ಇಟ್ಟಿದ್ದರೆ ಮುಂದಿನ ಕಳ್ಳತನ ನಿಲ್ಲುತ್ತಿತ್ತೇನೋ. ಆಗಿಹೋದದ್ದಕ್ಕೆ ಹೊಣೆ ಯಾರೆಂಬುದು ತಿಳಿಯುತ್ತಿರಲಿಲ್ಲ. ಹಲವರು ಸೇರಿ ಮಾಡಿರುವ ಸಂಶಯವಿರುವಾಗ ಯಾರೊಬ್ಬರಿಗೆ ಹೇಳಿದರೂ ಎಲ್ಲರಿಗೂ ಹೇಳಿದಂತೆಯೇ ಎಂದು ಸ್ಪೇನಿನ ನ್ಯಾಯಾಲಯಗಳು ಹೇಳಿದ್ದನ್ನು ಮಹಾಪೀಠ ಒಪ್ಪಿತು.

ಇಷ್ಟೆಲ್ಲ ತೂಗಿದ ಮೇಲೆ ಉಳಿದದ್ದು ಮುನ್ಸೂಚನೆ. ಅದು ಇರಲಿಲ್ಲವೆಂಬುದನ್ನು ಪೀಠ ಮುಚ್ಚಿಡಲಿಲ್ಲ. ತಿಳಿಸದೆ ನೋಡುವುದನ್ನು ಸಮರ್ಥಿಸಬೇಕಾದರೆ ಸಾರ್ವಜನಿಕವೋ ಖಾಸಗಿಯೋ ಆದ ಬಹು ಮಹತ್ತ್ವದ ಹಿತವೊಂದು ಅನಿವಾರ್ಯವಾಗಿ ಕೇಳುತ್ತಿರಬೇಕು ಎಂದಿತು. ಏನೋ ಒಂದಿಷ್ಟು ಅನುಮಾನ ಬಂದಿತೆಂದು ಮರೆಯ ಕ್ಯಾಮರಾ ಇಡುವುದನ್ನು ತಾನು ಒಪ್ಪಲಾರೆನೆಂದೂ ಸ್ಪಷ್ಟಪಡಿಸಿತು. ಗಂಭೀರ ಅಪರಾಧ ನಡೆದಿದೆಯೆಂಬುದಕ್ಕೆ ಬುದ್ಧಿಗೊಪ್ಪುವ ಸಂಶಯ, ಭಾರಿ ನಷ್ಟ, ಹಲವರು ಒಟ್ಟಾಗಿ ಮಾಡಿರುವ ಸಾಧ್ಯತೆ, ಈ ಮೂರೂ ಇಲ್ಲಿ ಕೂಡಿಬಂದಿದ್ದವು. ಭಿನ್ನಮತದ ನ್ಯಾಯಾಧೀಶರಿಗೆ ಮಾತ್ರ ಇದು ಸಾಕೆನಿಸಲಿಲ್ಲ. ಕಾನೂನು ಅಷ್ಟು ಸ್ಪಷ್ಟವಾಗಿ ಕೇಳಿದ ಮುನ್ಸೂಚನೆಯನ್ನು ತಕ್ಕಡಿಯ ಅನೇಕ ಬಟ್ಟುಗಳಲ್ಲಿ ಒಂದನ್ನಾಗಿ ಮಾಡಿದರೆ ಕಾನೂನಿಗೆ ಬೆಲೆಯೇನು ಎಂಬುದು ಅವರ ಆಕ್ಷೇಪದ ತಿರುಳು. ಅದು ಸುಲಭವಾಗಿ ತಳ್ಳಿಹಾಕುವ ಆಕ್ಷೇಪವಲ್ಲ.

ಹೀಗೆ ಮುನ್ಸೂಚನೆಯಿಲ್ಲದೆಯೂ ಮಾಲೀಕನ ಪರವಾಗಿ ತಕ್ಕಡಿ ಬಾಗಿದ ಪ್ರಕರಣ ಒಂದಾಯಿತು. ಇದಕ್ಕೆ ಎದುರಾಗಿ, ಮುನ್ಸೂಚನೆ ಕೊಟ್ಟೂ ತಕ್ಕಡಿ ಎದುರುಪಕ್ಷಕ್ಕೆ ಬಾಗಿದ ಪ್ರಕರಣವೊಂದುಂಟು. ಅದು ಬಾಲ್ಕನ್ ಪ್ರದೇಶದ ಪುಟ್ಟ ದೇಶ ಮಾಂಟೆನೆಗ್ರೊದಿಂದ ಬಂದದ್ದು. 2011ರ ಫೆಬ್ರವರಿಯಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗಣಿತ ವಿಭಾಗದ ಡೀನರು, ಪಾಠದ ಏಳು ಸಭಾಂಗಣಗಳಲ್ಲಿ ಕ್ಯಾಮರಾ ಇಡುವುದಾಗಿ ಪ್ರಾಧ್ಯಾಪಕರಿಗೆ ತಿಳಿಸಿದರು. ಜನರ ಮತ್ತು ಆಸ್ತಿಯ ರಕ್ಷಣೆ, ಜೊತೆಗೆ ಪಾಠಪ್ರವಚನದ ಮೇಲ್ವಿಚಾರಣೆ, ಇವು ಅವರು ಕೊಟ್ಟ ಕಾರಣಗಳು. ಅಲ್ಲಿ ಗುಟ್ಟೇನೂ ಇರಲಿಲ್ಲ. ಆದರೂ ಇಬ್ಬರು ಪ್ರಾಧ್ಯಾಪಕರು ಆಕ್ಷೇಪಿಸಿದರು. ಆ ದೇಶದ ಮಾಹಿತಿ ರಕ್ಷಣೆಯ ಸಂಸ್ಥೆ ಕ್ಯಾಮರಾಗಳನ್ನು ತೆಗೆಸಿತು. ಆದರೆ ಪ್ರಾಧ್ಯಾಪಕರು ಪರಿಹಾರ ಕೇಳಿದಾಗ ಅಲ್ಲಿನ ನ್ಯಾಯಾಲಯಗಳು, ತರಗತಿಯೆಂಬುದು ಸಾರ್ವಜನಿಕ ಸ್ಥಳ, ಅಲ್ಲಿ ಖಾಸಗಿತನದ ಮಾತೇ ಬರದು ಎಂದವು.

ಸ್ಟ್ರಾಸ್‌ಬರ್ಗಿನ ನ್ಯಾಯಾಲಯ 2017ರ ನವೆಂಬರ್ 28ರಂದು ಇದನ್ನು ಒಪ್ಪದೆ, ನಾಲ್ಕು ಮತ್ತು ಮೂರರ ಅತಿ ಕಿರಿದಾದ ಬಹುಮತದಿಂದ ಪ್ರಾಧ್ಯಾಪಕರ ಪರ ನಿಂತಿತು. ಪಾಠದ ಕೋಣೆಯಲ್ಲಿ ಗುರು ಪಾಠವನ್ನಷ್ಟೇ ಹೇಳುವುದಿಲ್ಲ. ವಿದ್ಯಾರ್ಥಿಗಳೊಡನೆ ಬೆರೆಯುತ್ತಾನೆ, ಅವರೊಡನೆ ಸಂಬಂಧ ಬೆಳೆಸುತ್ತಾನೆ, ತನ್ನ ವ್ಯಕ್ತಿತ್ವವನ್ನೇ ಅಲ್ಲಿ ರೂಪಿಸಿಕೊಳ್ಳುತ್ತಾನೆ. ಹಾಗಾಗಿ ಖಾಸಗಿ ಬಾಳಿನ ಒಂದು ಪಾಲು ಅಲ್ಲಿಯೂ ಇದೆ ಎಂಬುದು ಅದರ ನಿಲುವು. ನಲವತ್ತು ನಿಮಿಷದ ತರಗತಿಯಲ್ಲಿ ಪಾಠ ಮರೆತು ಕಾಡುಹರಟೆಗೆ ಇಳಿದು, ಕೊನೆಗೆ ಆ ಹರಟೆಯಲ್ಲಿಯೇ ಪಾಠ ಮಾಡಿಬಿಟ್ಟ ಗುರುಗಳನ್ನು ಕಂಡವರಿಗೆ ಈ ಮಾತು ಬೇಗನೆ ತಿಳಿದೀತು. ಇನ್ನು ಕಾರಣಗಳ ವಿಷಯ. ಜನರಿಗೋ ಆಸ್ತಿಗೋ ಅಪಾಯವಿತ್ತೆಂಬುದಕ್ಕೆ ಆಧಾರ ಸಿಕ್ಕಿರಲಿಲ್ಲ. ಪಾಠದ ಮೇಲ್ವಿಚಾರಣೆಗೆ ಕ್ಯಾಮರಾ ಇಡಬಹುದೆಂದು ಆ ದೇಶದ ಕಾನೂನು ಎಲ್ಲಿಯೂ ಹೇಳಿರಲಿಲ್ಲ. ತಿಳಿಸಿದ್ದೇನೋ ಸರಿ, ಆದರೆ ತಿಳಿಸಿದ ಕಾರಣಕ್ಕೆ ಬುಡವಿರಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತತ್ತ್ವ ತಾನಾಗಿಯೇ ತಿಳಿಯಾಗುತ್ತದೆ. ಮುನ್ಸೂಚನೆ ಎಂಬುದು ಪರವಾನಗಿ ಚೀಟಿಯಲ್ಲ. ಅದು ಅಳತೆಯ ಬಹು ಮುಖ್ಯವಾದ ಒಂದು ಅಂಗ. ಮುನ್ಸೂಚನೆ ಕಡಮೆಯಾದಷ್ಟೂ ಉಳಿದ ಎಲ್ಲವೂ, ಎಂದರೆ ಕಾರಣ, ಸ್ಥಳ, ಕಾಲ, ನೋಡುವವರ ಸಂಖ್ಯೆ, ಅಷ್ಟಷ್ಟು ಬಿಗಿಯಾಗಬೇಕು. ಕಾರಣವೇ ಇಲ್ಲದಲ್ಲಿ ಎಷ್ಟು ದೊಡ್ಡ ಫಲಕ ಬರೆದು ನೇತುಹಾಕಿದರೂ ಪ್ರಯೋಜನವಿಲ್ಲ.

ಇನ್ನು ಮುನ್ಸೂಚನೆಯೆಂದರೆ ನಿಜವಾಗಿ ಏನು? ಇದಕ್ಕೆ ರುಮೇನಿಯದ ಪ್ರಕರಣವೊಂದು ಬೆಳಕು ಚೆಲ್ಲುತ್ತದೆ. ಮಾರಾಟ ವಿಭಾಗದ ಎಂಜಿನಿಯರೊಬ್ಬರು, ಗಿರಾಕಿಗಳಿಗೆ ಉತ್ತರಿಸುವ ಸಲುವಾಗಿ ಮಾಲೀಕನ ಸೂಚನೆಯಂತೆ ಯಾಹೂ ಮೆಸೆಂಜರಿನಲ್ಲಿ ಖಾತೆ ತೆರೆದಿದ್ದರು. 2007ರ ಜುಲೈ 5ರಿಂದ 13ರವರೆಗೆ ಮಾಲೀಕನು ಅದರ ಮೇಲೆ ಕಣ್ಣಿಟ್ಟು, ಅವರು ತಮ್ಮನೊಡನೆ ಅಥವಾ ಅಣ್ಣನೊಡನೆ, ಮದುವೆಯಾಗಲಿದ್ದ ಹುಡುಗಿಯೊಡನೆ ಆಡಿದ ಮಾತುಗಳನ್ನೂ ಸೇರಿಸಿ 45 ಪುಟಗಳಷ್ಟು ದಾಖಲೆ ಮಾಡಿ, ಅವರನ್ನು ಕೆಲಸದಿಂದ ತೆಗೆದನು. ಕಚೇರಿಯ ಯಂತ್ರಗಳನ್ನು ಸ್ವಂತಕ್ಕೆ ಬಳಸಬಾರದೆಂಬ ನಿಯಮ ಅವರಿಗೆ ಗೊತ್ತಿತ್ತು. ಆದರೆ ಹಾಗೆ ಬಳಸಿದರೆ ಮಾತಿನ ಒಳಗನ್ನೂ ಓದುತ್ತೇವೆಂದು ಮೊದಲು ತಿಳಿಸಿದ್ದಕ್ಕೆ ಆಧಾರ ದೊರೆಯಲಿಲ್ಲ. 2017ರ ಸೆಪ್ಟೆಂಬರ್ 5ರಂದು ಮಹಾಪೀಠ, ಹನ್ನೊಂದು ಮತ್ತು ಆರರ ಬಹುಮತದಿಂದ, ಆ ನೌಕರನ ಪರವಾಗಿ ತೀರ್ಪು ಕೊಟ್ಟಿತು. ‘ಮಾಡಬೇಡ’ ಎನ್ನುವುದು ಬೇರೆ, ‘ಮಾಡಿದರೆ ಹೀಗೆ ಹೀಗೆ ನೋಡುತ್ತೇವೆ’ ಎನ್ನುವುದು ಬೇರೆ. ಮೊದಲನೆಯದು ನಿಯಮ, ಎರಡನೆಯದು ಮಾತ್ರ ಮುನ್ಸೂಚನೆ. ಸ್ಪೇನಿನ ಪ್ರಕರಣದಲ್ಲಿ ಬಳಸಿದ ತಕ್ಕಡಿ ಮೊದಲು ಸಿದ್ಧವಾದದ್ದು ಈ ರುಮೇನಿಯದ ತೀರ್ಪಿನಲ್ಲಿಯೇ.

ಇದರಿಂದ ಒಂದು ವ್ಯವಸ್ಥೆ ಕೆಟ್ಟಿದೆಯೇ ಎಂದು ತಿಳಿಯುವ ಬಗೆಯೂ ದೊರೆಯುತ್ತದೆ. ಗೋಡೆಯ ಮೇಲಿನ ಫಲಕ ‘ನಿಮ್ಮನ್ನು ನೋಡಲಾಗುತ್ತಿದೆ’ ಎಂದಷ್ಟೇ ಹೇಳಿ, ಏತಕ್ಕಾಗಿ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರನ್ನು ಕೇಳಬೇಕು ಎಂಬುದನ್ನು ಹೇಳದಿದ್ದರೆ ಅದು ಎಚ್ಚರಿಕೆಯೇ ಹೊರತು ತಿಳಿವಳಿಕೆಯಲ್ಲ. ಇನ್ನೊಂದು ಕುರುಹು ಉದ್ದೇಶ ಜಾರುವುದು. ಕಳ್ಳತನ ತಡೆಯಲೆಂದು ಇಟ್ಟ ಕ್ಯಾಮರಾದ ಚಿತ್ರ ಆರು ತಿಂಗಳು ಕಳೆದ ಮೇಲೆ, ನೀವು ಚಹಾ ಕುಡಿಯಲು ಹೋದದ್ದು ಹದಿನೆಂಟು ನಿಮಿಷ ಎಂಬ ಆಪಾದನೆಯ ಜೊತೆಯಲ್ಲಿ ಮೇಜಿನ ಮೇಲೆ ಬಂದರೆ, ಯಂತ್ರ ಅದೇ ಆದರೂ ಅದರ ಧರ್ಮ ಬದಲಾಯಿತೆಂದು ತಿಳಿಯಬೇಕು. ಸ್ಪೇನ್ ತನ್ನ 2018ರ ಹೊಸ ಕಾನೂನಿನಲ್ಲಿ ಇಂಥವಕ್ಕೆ ಕೆಲವು ಗೆರೆಗಳನ್ನು ಎಳೆದಿದೆ. ನೌಕರರಿಗೆ ಮೊದಲೇ ತಿಳಿಸಬೇಕು. ವಿಶ್ರಾಂತಿಯ, ಊಟದ, ಬಟ್ಟೆ ಬದಲಿಸುವ, ಶೌಚದ ಎಡೆಗಳಲ್ಲಿ ಕ್ಯಾಮರಾ ಇಡಲೇಬಾರದು. ಅಪರಾಧ ನಡೆಯುತ್ತಿರುವಾಗಲೇ ಚಿತ್ರದಲ್ಲಿ ಸಿಕ್ಕಿಬಿದ್ದರೆ ಮಾತ್ರ, ಕ್ಯಾಮರಾ ಇದೆಯೆಂಬ ಫಲಕವೊಂದಿದ್ದರೆ ತಿಳಿಸಿದ ಹಾಗೆಯೇ ಎಂದು ಅದು ಎಣಿಸುತ್ತದೆ.

ನಮ್ಮ ಮಾತೇನು ಎಂದು ನೀವು ಕೇಳಬಹುದು. ಖಾಸಗಿತನ ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ತೀರ್ಪಿಗೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿದೆ, ಮೊದಲ ಅರ್ಜಿದಾರರು ಅವರೇ. ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಪ್ರಮಾಣಬದ್ಧತೆ ಎಂಬ ಮೂರು ಒರೆಗಲ್ಲುಗಳನ್ನು ಆ ತೀರ್ಪಿನ ಮುಖ್ಯ ಅಭಿಪ್ರಾಯ ಹೇಳುತ್ತದೆ. ಆದರೆ ಅವು ಮುಖ್ಯವಾಗಿ ಸರ್ಕಾರವನ್ನು ಉಜ್ಜಿ ನೋಡುವ ಕಲ್ಲುಗಳು. ಖಾಸಗಿ ಮಾಲೀಕರಿಗೂ ಅನ್ವಯಿಸುವ ಕಾನೂನು 2023ರಲ್ಲಿ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಗೊತ್ತಾಯಿತು.

ಆ ಕಾನೂನಿನ 7ನೆಯ ಪ್ರಕರಣ, ಉದ್ಯೋಗದ ಉದ್ದೇಶಗಳಿಗಾಗಿ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ನೌಕರನ ಒಪ್ಪಿಗೆಯಿಲ್ಲದೆಯೇ ಅವನ ಮಾಹಿತಿಯನ್ನು ಬಳಸಬಹುದೆನ್ನುತ್ತದೆ. ಒಪ್ಪಿಗೆ ಬೇಡವೆಂಬುದರಲ್ಲಿ ಅಷ್ಟು ಆಶ್ಚರ್ಯವಿಲ್ಲ. ಅನ್ನ ಕೊಡುವವನು ಸಹಿ ಹಾಕೆಂದರೆ ಹಾಕದೆ ಇರುವವರು ಎಷ್ಟು ಮಂದಿ? ಅಂಥ ಒಪ್ಪಿಗೆಗೆ ತೂಕ ಕಡಮೆ. ಯೋಚಿಸಬೇಕಾದ ಸಂಗತಿ ಬೇರೆಯದು. ಆ ಕಾನೂನಿನಲ್ಲಿ ತಿಳಿವಳಿಕೆ ಕೊಡಬೇಕೆಂಬ 5ನೆಯ ಪ್ರಕರಣ ಒಪ್ಪಿಗೆ ಕೇಳುವ ಸಂದರ್ಭಕ್ಕೆ ಕಟ್ಟಿಕೊಂಡಿದೆ. ಒಪ್ಪಿಗೆ ಬೇಡವಾದಲ್ಲಿ ತಿಳಿವಳಿಕೆಯ ಕಟ್ಟೂ ಸಡಿಲವಾಗುತ್ತದೆ. ಮಾಹಿತಿಯನ್ನು ಭದ್ರವಾಗಿಡಬೇಕು, ಕೆಲಸ ತೀರಿದ ಮೇಲೆ ಅಳಿಸಬೇಕು ಎಂಬ ಕರ್ತವ್ಯಗಳೇನೋ ಇವೆ. ಆದರೆ ಬಾಗಿಲಿನ ಕ್ಯಾಮರಾ ಬೇರೆ, ಊಟದ ಕೋಣೆಯ ಕ್ಯಾಮರಾ ಬೇರೆ ಎಂದು ಬಿಡಿಸಿ ಹೇಳುವ ಗೆರೆ ಆ ಉಪಬಂಧದಲ್ಲಿ ಬರೆದಿಲ್ಲ. ಸ್ಟ್ರಾಸ್‌ಬರ್ಗಿನ ತೀರ್ಪುಗಳು ನಮ್ಮನ್ನು ಕಟ್ಟುವುದಿಲ್ಲ ನಿಜ. ಆದರೆ ಈ ಗೆರೆಗಳನ್ನು ಎಳೆಯುವ ಕೆಲಸ ನಮ್ಮ ನ್ಯಾಯಾಲಯಗಳ ಮುಂದೆ ಬಂದಾಗ ಅವರು ಬಳಸಿದ ತಕ್ಕಡಿ ಕಣ್ಣಿಗೆ ಬೀಳದೆ ಇರಲಾರದು.

ಅಲ್ಲಿಯವರೆಗೆ ಮಾಲೀಕನಾದವನು ಕ್ಯಾಮರಾ ಕೂಡಿಸುವ ಮೊದಲು ತನ್ನನ್ನೇ ಕೇಳಿಕೊಳ್ಳಬಹುದಾದ ಪ್ರಶ್ನೆ ಒಂದಿದೆ. ಇದನ್ನು ಏತಕ್ಕಾಗಿ, ಎಲ್ಲಿ, ಎಷ್ಟು ದಿನ ಇಡುತ್ತೇನೆ, ಯಾರು ನೋಡುತ್ತಾರೆ ಎಂದು ನನ್ನ ನೌಕರರ ಎದುರಿಗೆ ನಿಂತು ಓದಿ ಹೇಳಬಲ್ಲೆನೇ? ಹೇಳಬಲ್ಲೆನೆಂದರೆ ಅದು ಕಾವಲು. ಹೇಳಲಾರೆನೆಂದರೆ ಅದು ಬೇಹು. ಆಗ ಅವನ ಬಳಿ ಸ್ಪೇನಿನ ಆ ಮಳಿಗೆಯವನಲ್ಲಿದ್ದಂಥ ಗಟ್ಟಿ ಕಾರಣ, ಹತ್ತು ದಿನದಂಥ ಚಿಕ್ಕ ಅವಧಿ, ಮೂವರಂಥ ಕೆಲವೇ ಕಣ್ಣುಗಳು ಇರಬೇಕಾಗುತ್ತದೆ.